ಹಾಸ್ಟೆಲಿನ ವೆಬ್‌ಸೈಟ್

ಸುರಪುರದ ತಹಶೀಲ್ ಕಚೇರಿ ಎದುರು ನಾಗರತ್ನಾ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ನಡೆಸುತ್ತಾಳೆ. ವೆಬ್‌ಸೈಟಿನ ಮೇಲೆ ಅನುಮಾನ ಬಂದರೆ ಅದರಲ್ಲಿರುವ ನಂಬರಿಗೆ ಆಕೆ ಫೋನ್ ಮಾಡುವುದಿಲ್ಲ, ಬೇರೆ ಕಡೆಯಿಂದ ನಂಬರ್ ಹುಡುಕುತ್ತಾಳೆ.

ಮೊನ್ನೆ ಮಲ್ಲೇಶ್ವರಿ ತನ್ನ ಮಗಳು ಸಪ್ನಾಳನ್ನು ಕರೆದುಕೊಂಡು ಅಂಗಡಿಗೆ ಬಂದಳು. ಶಹಾಪುರದ ಟ್ರಸ್ಟೊಂದರ ಹೆಣ್ಣುಮಕ್ಕಳ ಹಾಸ್ಟೆಲಿಗೆ ಅರ್ಜಿ ಹಾಕಲು ಅಂದೇ ಕೊನೆಯ ದಿನ. ಹಾಸ್ಟೆಲ್ ಸಿಗದಿದ್ದರೆ ಸಪ್ನಾಳ ಕಾಲೇಜು ನಿಂತಂತೆ. ವೆಬ್‌ಸೈಟ್ ತೆರೆದರೆ ಸಾಲಿಗೊಂದು ಕಾಗುಣಿತದ ತಪ್ಪು, ಚಿತ್ರಗಳೆಲ್ಲ ಅಡ್ಡ.

“ಇದು ಕಳ್ಳರದೇ ನೋಡವ್ವ. ಆಧಾರ್ ಬ್ಯಾರೆ ಕೇಳಾಕತ್ತಾರ. ಮುಚ್ಚು!” ಎಂದಳು ಮಲ್ಲೇಶ್ವರಿ.

“ತಡೀರಿ ಅಕ್ಕಾ. ಹೋದ ವರ್ಷ ನನಗ ಮೋಸ ಮಾಡಿದ ಸೈಟು ಮದುವಿ ಕಾರ್ಡಿನಂಗ ಚಂದ ಇತ್ತು. ಹಂಗಂತ ತಪ್ಪಿದ್ದದ್ದೆಲ್ಲಾ ಸಾಚಾ ಅಂತನೂ ಅಲ್ಲ” ಎಂದಳು ನಾಗರತ್ನಾ.

ಸಪ್ನಾಳ ಚಿಕ್ಕಮ್ಮನ ಮಗಳು ಮೊದಲು ಅದೇ ಹಾಸ್ಟೆಲಿನಲ್ಲಿದ್ದಳು. ಅವಳ ಹಳೆಯ ಪ್ರವೇಶ ಪತ್ರದ ಫೋಟೊ ತರಿಸಿಕೊಂಡು, ಅದರಲ್ಲಿದ್ದ ನಂಬರಿಗೆ ನಾಗರತ್ನಾ ಫೋನ್ ಮಾಡಿದಳು. ವಾರ್ಡನ್ ದೇವಕಮ್ಮ ತಮ್ಮ ವೆಬ್‌ಸೈಟಿನ ವಿಳಾಸವನ್ನು ಅಕ್ಷರ ಅಕ್ಷರವಾಗಿ ಹೇಳಿದಳು. ಪರದೆಯ ಮೇಲಿದ್ದದ್ದೂ ಅದೇ. ಅದರಲ್ಲಿನ ತಪ್ಪುಗಳ ಬಗ್ಗೆ ಕೇಳಿದರೆ ದೇವಕಮ್ಮ ಹೇಳಿದಳು:

“ನಾನೇ ಮೊಬೈಲಿನ್ಯಾಗ ಬರದೀನ್ರಿ. ನೂರು ಮಂದಿಗಿ ರೊಟ್ಟಿ ಬಡೀತೀನಿ, ಟೈಪ್ ಮಾಡಾಕ ಬರಲ್ರಿ.”

ಅರ್ಜಿ ಸೇರಿತು. ಮಲ್ಲೇಶ್ವರಿ ಕಣ್ಣುಮುಚ್ಚಿ ಕೈಮುಗಿದಳು. ಆಮೇಲೆ ಮಗಳಿಗೆ, “ಅಲ್ಲಿ ಹೋದಮ್ಯಾಲ ಮೊದಲ ಆ ಚಿತ್ರ ನೆಟ್ಟಗ ಮಾಡವ್ವ” ಎಂದು ನಕ್ಕಳು.