ಆಡಿಟರಿಗೆ ಕಳಿಸದ ಚಲನ್

ಅಕ್ಕ ಹೇಳಿದ ಒಂದು ಸಣ್ಣ ಕೆಲಸವನ್ನು ನಾನು ಮಾಡಲಿಲ್ಲ. ತೆರಿಗೆ ಕಟ್ಟಿದ ರಸೀದಿಯನ್ನು ಆಡಿಟರಿಗೆ ಕಳಿಸಬೇಕಿತ್ತು, ಕಳಿಸಲಿಲ್ಲ. ಅದರಿಂದ ತಿದ್ದದೆ ಉಳಿದ ತಪ್ಪನ್ನು ಅವಳು ತನ್ನ ಮೇಲೆ ಎಳೆದುಕೊಂಡಾಗ ಬಾಯಿ ಬಿಡಲೂ ಇಲ್ಲ.

ಅಕ್ಕನದು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಭಾವ ತೀರಿಕೊಂಡ ಮೇಲೆ ಒಬ್ಬಳೇ ನಡೆಸಿದಳು. ಯಾವ ರೈತ ಹೋದ ಸಲ ಯಾವ ಬೀಜ ಒಯ್ದ, ಅವನ ಹೊಲದ ಮಣ್ಣು ಕಪ್ಪು ಎರಿಯೋ ಕೆಂಪು ಮಸಾರಿಯೋ, ಎಲ್ಲ ಅವಳ ತಲೆಯಲ್ಲಿತ್ತು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ತೂಕ ನೋಡುತ್ತೇನೆ. ಮೊಬೈಲಿನ ಕೆಲಸ ಬರುತ್ತದೆಂಬ ಜಂಭ ಮಾತ್ರ ಇತ್ತು. ಅಕ್ಕನ ನೆಟ್ ಬ್ಯಾಂಕಿಂಗ್ ನನ್ನ ಕೈಯಲ್ಲೇ.

ಆ ಏಪ್ರಿಲ್‌ನಲ್ಲಿ ಹಾವೇರಿಯ ಆಡಿಟರು ಫೋನ್ ಮಾಡಿ, ಮುಗಿದ ವರ್ಷದ ಗಳಿಕೆಗೆ ಇನ್ನೂ ತೆರಿಗೆ ಉಳಿದಿದೆ, ತಿಂಗಳು ದಾಟಿದಂತೆ ಬಡ್ಡಿ ಬೀಳುತ್ತದೆ, ಸೆಲ್ಫ್ ಅಸೆಸ್‌ಮೆಂಟ್ ಟ್ಯಾಕ್ಸ್ ಈಗಲೇ ಕಟ್ಟಿಬಿಡಿ ಎಂದಿದ್ದರು. ನಾನು ಭಾನುವಾರ ಅಂಗಡಿಗೆ ಹೋದೆ. ಅವಳ ಪ್ಯಾನ್ ನಂಬರು ಹಾಕಿದೆ. ಅವಳ ಫೋನಿಗೆ ಬಂದ ಓಟಿಪಿಯನ್ನು ಅವಳೇ ಓದಿ ಹೇಳಿದಳು.

“ವರ್ಷ ನೋಡಿ ಒತ್ತು ತಮ್ಮಾ. ದುಡದ ವರ್ಷ ಅಲ್ಲ, ಅದರ ಮುಂದಿನ ವರ್ಷ ಆರಸ್ಬೇಕಂತ.”

“ಗೊತ್ತೈತಿ ಬಿಡ ಯಕ್ಕಾ.”

“ಏನ್ ಗೊತ್ತೈತಿ? ಸಾಲಿಗೆ ಹೋಗಂದ್ರ ಈಸಾಕ ಹೋಗಾಂವ ನೀ.”

ಅಂಗಡಿಯಲ್ಲಿದ್ದ ಗಿರಾಕಿ ನಕ್ಕ. ನನಗೆ ಸಿಟ್ಟು ಬಂತು. ದುಡಿದದ್ದಕ್ಕೆ ತಾನೇ ತೆರಿಗೆ, ಇವಳಿಗೇನು ತಿಳಿಯುತ್ತದೆ ಎಂದುಕೊಂಡು ದುಡಿದ ವರ್ಷವನ್ನೇ ಒತ್ತಿದೆ. ಬ್ಯಾಂಕಿನ ಪುಟ ತೆರೆಯಿತು, ಹಣ ಹೋಯಿತು, ಚಲನ್ ರಸೀದಿ ಬಂತು. ಅದನ್ನು ಮೊಬೈಲಿನಲ್ಲಿ ಇಳಿಸಿಕೊಂಡೆ.

“ಅದನ್ನ ಈಗ ಆಡಿಟರ್‌ಗೆ ಕಳಸು. ಒಮ್ಮೆ ಕಣ್ಣಾಡಸ್ಲಿ.”

“ಕಳಸ್ತೇನಿ,” ಎಂದೆ. ಬಸ್ಸಿನಲ್ಲಿ ಫೋನ್ ಕೈಯಲ್ಲೇ ಇತ್ತು. ಮೇಷ್ಟರ ಮುಂದೆ ಪಾಟಿ ಹಿಡಿದಂತೆ ನನ್ನ ಕೆಲಸವನ್ನು ಇನ್ನೊಬ್ಬರಿಗೆ ಯಾಕೆ ತೋರಿಸಬೇಕು ಅನಿಸಿತು. ಬಿಟ್ಟೆ.

ರಿಟರ್ನ್ ಹಾಕುವ ಹೊತ್ತಿಗೆ ಇಬ್ಬರೂ ಹಾವೇರಿಗೆ ಹೋದೆವು. ಆಡಿಟರು ರಸೀದಿ ಕೇಳಿದರು. ನನ್ನ ಫೋನಿನಲ್ಲಿ ಅದನ್ನು ನೋಡಿ ಕನ್ನಡಕ ತೆಗೆದರು.

“ವರ್ಷ ತಪ್ಪೈತ್ರಿ ಅಕ್ಕಾರ. ರೊಕ್ಕ ಹಿಂದಿನ ವರ್ಷದ ಲೆಕ್ಕಕ್ಕ ಹೋಗೇತಿ. ಕಟ್ಟಿ ಏಳು ದಿನದಾಗ ನನಗ ತೋರಿಸಿದ್ರ ಪೋರ್ಟಲ್‌ನ್ಯಾಗ ನಾವ ತಿದ್ದಬಹುದಿತ್ತು. ಈಗ ಆಫೀಸರಿಗೆ ಅರ್ಜಿ ಕೊಡಬೇಕು. ರಸೀದಿ ಯಾಕ ಕಳಿಸ್ಲಿಲ್ಲ?”

ನಾನು ನೆಲ ನೋಡಿದೆ. ಅಕ್ಕ ನನ್ನತ್ತ ತಿರುಗಲೂ ಇಲ್ಲ.

“ನಾನ ಇಂವಗ ತಪ್ಪ ವರ್ಷ ಹೇಳಿರಬೇಕ್ರಿ. ಕಳಸು ಅಂತ ಹೇಳಾಕೂ ಮರ್ತಿರಬೇಕು. ವಯಸ್ಸಾತು.”

ನನ್ನನ್ನು ಕಾಯಲು ಹಾಗೆ ಹೇಳಿದಳು ಎಂದು ಆಗ ತಿಳಿದಿದ್ದೆ. ಅಲ್ಲ, ಅವಳು ಅದನ್ನು ನಂಬಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ, “ಖರೇ ಹೇಳು, ಅವತ್ತ ನಾ ಏನ್ ಹೇಳಿದ್ನಿ?” ಎಂದು ಕೇಳಿದಳು. “ನನಗೂ ನೆನಪಿಲ್ಲ ಯಕ್ಕಾ,” ಎಂದೆ. ಇಂಥ ಸುಳ್ಳು ನಾನು ಬೇರೆ ಹೇಳಿಲ್ಲ.

ಬಾಕಿ ತೋರಿಸಿ ತೆರಿಗೆ ಇಲಾಖೆಯಿಂದ ನೋಟಿಸು ಬಂತು. ಅದೇ ರಸೀದಿ ಲಗತ್ತಿಸಿ ಕೊಟ್ಟ ಅರ್ಜಿಯ ಮೇಲೆ, ಬಹಳ ತಡವಾಗಿಯಾದರೂ, ವರ್ಷ ತಿದ್ದುಪಡಿಯಾಯಿತು, ಬಾಕಿಯೂ ಹೋಯಿತು. ಅಕ್ಕ ಮಾತ್ರ ಮೊದಲಿನಂತಾಗಲಿಲ್ಲ. ಚಿಲ್ಲರೆ ಕೊಡುವಾಗ ಮತ್ತೆ ಮತ್ತೆ ಎಣಿಸುತ್ತಿದ್ದಳು. ಬೀಗ ಹಾಕಿ ಅರ್ಧ ದಾರಿಯಿಂದ ಹಿಂದಿರುಗಿ ಜಗ್ಗಿ ನೋಡುತ್ತಿದ್ದಳು. ಒಮ್ಮೆ ನಾನು ಅಂಗಡಿಯಲ್ಲಿದ್ದಾಗ ಅಗಡಿ ಊರಿನ ಹಳೆಯ ಗಿರಾಕಿಯೊಬ್ಬ, “ಹೋದ ವರ್ಷ ಒಯ್ದ ಗೋವಿನಜೋಳದ ಬೀಜಾನ ಕೊಡವ್ವಾ,” ಎಂದ. ಅವಳ ಕೈ ಸರಿಯಾದ ಚೀಲದ ಮೇಲೆ ಹೋಗಿ ನಿಂತಿತು. ಆಮೇಲೆ ಕೈ ಹಿಂದಕ್ಕೆ ತೆಗೆದಳು.

“ನನ್ನ ನಂಬಬ್ಯಾಡ್ರಿ. ಹಳೇ ಬಿಲ್ ಇದ್ರ ತರ್ರಿ,” ಎಂದಳು.

ಅವನು ಹೋದ ಮೇಲೆ ಸ್ಟೂಲಿನ ಮೇಲೆ ಕುಳಿತು, “ಅಂಗಡಿ ಯಾರಿಗರೆ ಕೊಟ್ಟಬಿಡೂಣು ತಮ್ಮಾ. ತಲಿ ಕೈ ಕೊಟ್ಟೇತಿ. ಬೀಜ ತಪ್ಪ ಕೊಟ್ರ ಒಬ್ಬರ ಇಡೀ ಬೆಳಿ ಹೋಗತೈತಿ,” ಎಂದಳು.

ನಾನು ಅವಳ ಮುಂದೆ, ಬೀಜದ ಚೀಲಗಳ ನಡುವೆ, ನೆಲದ ಮೇಲೆ ಕುಳಿತೆ.

“ಯಕ್ಕಾ, ನಿನ್ನ ತಲಿ ಸರಿ ಐತಿ. ಅವತ್ತ ನೀ ವರ್ಷ ಸರಿನ ಹೇಳಿದ್ದಿ. ರಸೀದಿ ಕಳಸು ಅಂತಾನೂ ಹೇಳಿದ್ದಿ. ನಾನ ಸೊಕ್ಕಿಲೆ ತಪ್ಪ ಒತ್ತಿದ್ನಿ, ಕಳಿಸ್ಲಿಲ್ಲ. ಬಸ್ಸಿನ್ಯಾಗ ನನಗ ಎಲ್ಲಾ ನೆನಪಿತ್ತು. ತಪ್ಪಾತು ಯಕ್ಕಾ. ನನ್ನ ಕ್ಷಮಿಸು.”