ಬ್ಯಾಟರಿಯ ಮೇಲೆ ಕರ್ಪೂರ

ನಮ್ಮ ಸೋದರಮಾವನದು ಶಿಕಾರಿಪುರದಲ್ಲಿ ಇನ್ವರ್ಟರ್, ಬ್ಯಾಟರಿ ಅಂಗಡಿ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಕರೆಂಟು ಕೈಕೊಟ್ಟಷ್ಟೂ ಅವರ ವ್ಯಾಪಾರ ಕುದುರುತ್ತಿತ್ತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ತಪ್ಪಿಗೆ, ಬ್ಯಾಟರಿ ನೋಡಿಕೊಳ್ಳುವ ಬಗೆಯ ಇಂಗ್ಲಿಷ್ ಪುಸ್ತಿಕೆಯೊಂದನ್ನು ಸಣ್ಣ ಅಂಗಡಿಯವರಿಗಾಗಿ ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಂತು. ಸಂಭಾವನೆ, ಮಂಡಕ್ಕಿ ಮಿರ್ಚಿ.

ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬಾವಿ ನೀರು ಬೇಡ, ಮೇಲಿನ ಗೆರೆ ದಾಟಿಸಬೇಡಿ, ಆಸಿಡ್ಡಂತೂ ಸುರಿಯಲೇಬೇಡಿ ಎಂದೆಲ್ಲ ಬರೆದೆ. ಜನಕ್ಕೆ ತಿಳಿಯುತ್ತದೋ ಇಲ್ಲವೋ ನೋಡೋಣವೆಂದು ಮಾವ ಒಂದು ಸಂಜೆ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸೊರಬಕ್ಕೆ ಹೋದರು. ಅಲ್ಲಿ ಬಟ್ಟೆ ಅಂಗಡಿಯ ಅಜ್ಜಿ ಅವರ ಹಳೇ ಗಿರಾಕಿ.

ನಾನು ಒಂದೊಂದೇ ಓದುತ್ತ ಹೋದೆ, ಅಜ್ಜಿ ಎಲ್ಲಕ್ಕೂ ತಲೆಯಾಡಿಸಿದರು. "ಬ್ಯಾಟರಿಯ ಹತ್ತಿರ ಬೀಡಿ, ಸಿಗರೇಟು ಸೇದಬೇಡಿ, ಬೆಂಕಿ ತರಬೇಡಿ" ಎಂದು ಓದಿದಾಗ, "ಛೇ, ನಮ್ ಅಂಗಡೀಲಿ ಯಾರೂ ಬೀಡಿ ಮುಟ್ಟಲ್ಲಮ್ಮ" ಅನ್ನುತ್ತ ಬೆಂಕಿಪೊಟ್ಟಣ ಕೈಗೆತ್ತಿಕೊಂಡರು. ದೇವರ ದೀಪ ಹಚ್ಚಬೇಕಿತ್ತು. ದೀಪ ಇದ್ದದ್ದು ಬ್ಯಾಟರಿಯ ಮೇಲೆ. ಆಗಷ್ಟೇ ಕರೆಂಟು ಬಂದು ಬ್ಯಾಟರಿ ಚಾರ್ಜಾಗುತ್ತಿತ್ತು.

ನಾನು ಅವರ ಕೈ ಹಿಡಿದೆ. ಚಾರ್ಜಾಗುವಾಗ ಬ್ಯಾಟರಿಯಿಂದ ಗ್ಯಾಸ್ ಬರುತ್ತೆ, ಕಿಡಿ ತಾಗಿದರೆ ಸಿಡಿದು ಆಸಿಡ್ ಮುಖಕ್ಕೆ ಎರಚುತ್ತೆ ಎಂದು ಬಿಡಿಸಿ ಹೇಳಿದೆ.

ಅಜ್ಜಿ ಮಾವನತ್ತ ತಿರುಗಿದರು. "ಅಲ್ಲಪ್ಪ, ಇದನ್ನ ತಂದಿಟ್ಟ ದಿನ ಇದರ ಮೇಲೇ ಕರ್ಪೂರ ಹಚ್ಚಿ ಮಂಗಳಾರತಿ ಎತ್ತಿದೋನು ನೀನೇ ಅಲ್ವಾ?"

ಮಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಮಾರಿದ ಪ್ರತಿ ಬ್ಯಾಟರಿಗೂ ಅವರೇ ಕರ್ಪೂರ ಹಚ್ಚಿ ಶುರು ಮಾಡಿಕೊಡುತ್ತಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: "ದೀಪ-ಕರ್ಪೂರ ಹಚ್ಚಬೇಡಿ ಅಂತ ಬುಕ್ಕಲ್ಲಿ ಬರೀಬೇಡ ಕಣವ್ವ. ಇಂಗ್ಲಿಷಲ್ಲೂ ಇಲ್ವಲ್ಲ. ಓದಿದೋರು ನನ್ನ ಮುಖಕ್ಕೆ ಉಗೀತಾರೆ, ಅಂಗಡಿ ಮುಚ್ಚಬೇಕಾಗ್ತದೆ."

ನನಗೆ ಸಿಟ್ಟು ನೆತ್ತಿಗೇರಿತು. "ಅದನ್ನ ಬರೆಯೋಕೆ ಬಿಡದಿದ್ದರೆ ಪುಸ್ತಕಾನೇ ಕೊಡಲ್ಲ, ನಿಮ್ಮ ಮಿರ್ಚಿ ನೀವೇ ತಿನ್ನಿ" ಅಂದೆ.

ಮಾವ ಅಜ್ಜಿಯ ಕೈಯಿಂದ ಬೆಂಕಿಪೊಟ್ಟಣ ಇಸಿದುಕೊಂಡರು. ಆಮೇಲೆ ಇನ್ವರ್ಟರ್ ಆಫ್ ಮಾಡಿ, ಪ್ಲಗ್ಗು ಕಿತ್ತು, ವೈರು ಬಿಚ್ಚಿ, ಬ್ಯಾಟರಿಯನ್ನು ಗಾಳಿಯಾಡುವ ಹಿಂದಿನ ಬಾಗಿಲ ಬಳಿ ಎಳೆದಿಟ್ಟರು. ಸೀರೆ ನೋಡುತ್ತಿದ್ದ ಗಿರಾಕಿಗಳ ಎದುರಿಗೇ, "ತಪ್ಪು ನಂದೇ ಅಜ್ಜಿ. ಬುಕ್ಕಲ್ಲಿ ಹಾಕಿಸ್ತೀನಿ, ಎಲ್ಲರಿಗೂ ತಿಳೀಲಿ" ಅಂದರು. ಅವರ ಮೇಲಿನ ಸಿಟ್ಟೆಲ್ಲ ಇಳಿದು ನನಗೆ ಪಾಪ ಅನಿಸಿತು.

ಅಜ್ಜಿಗೆ ಸಮಾಧಾನವಾಗಲಿಲ್ಲ. "ಬುಕ್ಕು ಯಾವಾಗ ಬರ್ತದೆ?"

"ಇನ್ನೊಂದು ತಿಂಗಳು."

"ಅಲ್ಲೀತನಕ ಈ ಬೀದೀಲಿ ನಿನ್ ಬ್ಯಾಟರಿ ತಗೊಂಡೋರೆಲ್ಲ ದೀಪ ಹಚ್ಚಲ್ವೇನಪ್ಪ?"

ಮಾವ ಹೊರಗೆ ನೋಡಿದರು. ಬೀದಿಯ ಅಂಗಡಿಗಳಲ್ಲಿ ಒಬ್ಬೊಬ್ಬರೇ ಸಂಜೆಯ ದೀಪ ಹಚ್ಚುವ ಮುಂಚೆ ಹೊಸಿಲಿಗೆ ನೀರು ಚಿಮುಕಿಸುತ್ತಿದ್ದರು. ಚಪ್ಪಲಿ ಮೆಟ್ಟುವುದನ್ನೂ ಮರೆತು, ಮಾವ ಪಕ್ಕದ ಅಂಗಡಿಗೆ ಓಡಿದರು.