ರಾತ್ರಿವರೆಗೂ ಮೆತ್ತಗಿರುವ ಚಪಾತಿ

ಊರಿನವರೆಲ್ಲ ಮೊಬೈಲ್ ಕೊಂಡ ಮೇಲೆ ನನ್ನ ಗಂಡನ ಎಸ್‌ಟಿಡಿ ಬೂತಿಗೆ ಬರುತ್ತಿದ್ದವರು ಎರಡೇ ಬಗೆಯವರು: ಚಿಲ್ಲರೆ ಕೇಳುವವರು ಮತ್ತು ಗೋವಾ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವವರು. ನಮ್ಮ ಯಜಮಾನರು ಗಾಜಿನ ಪೆಟ್ಟಿಗೆಯೊಳಗೆ ಕೂತು ಮೊಬೈಲ್ ಎಂಬುದು ಹೆಚ್ಚು ಕಾಲ ಬಾಳುವುದಿಲ್ಲ ಎಂದು ಭವಿಷ್ಯ ನುಡಿಯುತ್ತಿದ್ದರು. ಆಮೇಲೆ ತಾವೇ ಒಂದು ಕೊಂಡರು.

ಮನೆ ನಡೆಯುವುದಕ್ಕೆ ಬೇರೆ ಏನಾದರೂ ಮಾಡಲೇಬೇಕಿತ್ತು. ನಮ್ಮ ಮನೆಯಲ್ಲಿ ಕೆಲಸಕ್ಕೆ ಬರುವಂಥ ವಿದ್ಯೆ ಇದ್ದದ್ದು ಅತ್ತೆಯ ಕೈಯಲ್ಲಿ ಮಾತ್ರ. ಮಾವ ಬದುಕಿದ್ದಾಗ ಬೆಳಗಾವಿಯಲ್ಲಿ ಕೆಲಸದಲ್ಲಿದ್ದರಂತೆ. ಅಲ್ಲಿ ನೆರೆಮನೆಯವರಿಂದ ಅತ್ತೆ ಚಪಾತಿ ಕಲಿತು ಬಂದಿದ್ದರು. ಸದಾಶಿವಗಡದ ನಮ್ಮ ಓಣಿಯಲ್ಲಿ ಎರಡು ಹೊತ್ತೂ ಅನ್ನ, ಮೀನು ಸಾರು. ಚಪಾತಿ ಎಂದರೆ ಜ್ವರ ಬಂದವರಿಗೆ ಡಾಕ್ಟರು ಬರೆದುಕೊಡುವ ಪದಾರ್ಥ. ಹಾಗಾಗಿ ಅತ್ತೆಯ ವಿದ್ಯೆಗೆ ಮೂವತ್ತು ವರ್ಷದಿಂದ ಗಿರಾಕಿ ಇರಲಿಲ್ಲ.

ಕಾರವಾರದಲ್ಲಿ ಕಾಲೇಜು ಹುಡುಗರ ಒಂದು ಮೆಸ್ಸಿತ್ತು. ಅಲ್ಲಿ ಊಟ ಮಾಡುವವರಲ್ಲಿ ಅರ್ಧದಷ್ಟು ಜನ ಘಟ್ಟದ ಮೇಲಿನವರು, ರಾತ್ರಿ ಚಪಾತಿ ಇಲ್ಲದಿದ್ದರೆ ಊಟವೇ ಆಗಲಿಲ್ಲ ಎನ್ನುವವರು. ಗುಡ್ಡದ ಕೋಟೆ ನೋಡಲು ನಮ್ಮ ಕಡೆ ಬಂದಾಗ ಅಲ್ಲಿನ ಚಪಾತಿಯನ್ನು ಬೈಯುತ್ತಲೇ ಅವರು ನಮ್ಮ ಬೂತಿನ ಮುಂದೆ ಬಸ್ಸಿಗೆ ಕಾಯುತ್ತಿದ್ದರು. ಮೆಸ್ಸಿನ ಮಾಲಕರ ನಂಬರನ್ನು ಇವರು ಆ ಹುಡುಗರಿಂದಲೇ ಕೇಳಿಕೊಂಡು ಬಂದರು. ನನಗೆ ತಿಳಿದಂತೆ ಆ ಇಡೀ ವ್ಯವಹಾರದಲ್ಲಿ ನನ್ನ ಗಂಡ ಮಾಡಿದ ಕೆಲಸ ಅದೊಂದೇ.

ಮೆಸೇಜು ಕಳಿಸುವ ಹೊಣೆ ಡಿಗ್ರಿ ಓದಿದ್ದ ನನ್ನ ಮೇಲೆ ಬಿತ್ತು. ಅತ್ತೆ ಮಣೆಯ ಮೇಲೆ ಕೂತು ಹೇಳಿಕೊಡಲು ಶುರುಮಾಡಿದರು. ಮೊದಲು ಮಾಲಕರ ಕ್ಷೇಮ ಕೇಳಬೇಕು, ಆಮೇಲೆ ನಾವು ಯಾರ ಪೈಕಿ, ಮಾವ ಎಷ್ಟು ಮರ್ಯಾದಸ್ಥರು, ಬೆಳಗಾವಿಯ ನೆರೆಮನೆಯವರು ಎಂಥ ಒಳ್ಳೆಯ ಜನ, ಎಲ್ಲ ಬರಬೇಕು. ಒಂದು ಮೆಸೇಜಿನಲ್ಲಿ ಅಷ್ಟೆಲ್ಲ ಹಿಡಿಸುವುದಿಲ್ಲ ಎಂದೆ. ಹಾಗಾದರೆ ಅಂಥ ಫೋನು ಯಾಕೆ ಕೊಂಡೆ ಎಂದು ಮಗನನ್ನು ಬೈದರು.

ಕೊನೆಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತಿದೆ: 'ನಮಸ್ಕಾರ. ಸದಾಶಿವಗಡದಿಂದ ಬರೆಯುವುದು. ಮನೆಯಲ್ಲೇ ದಿನಾ ತಾಜಾ ಚಪಾತಿ ಮಾಡುತ್ತೇವೆ. ಸಂಜೆ ಮೆಸ್ಸಿಗೇ ತಂದು ಕೊಡುತ್ತೇವೆ. ಮೊದಲು ತಿಂದು ನೋಡಿ.' ಕಳಿಸುವಷ್ಟರಲ್ಲಿ ಅತ್ತೆ ತಡೆದು, 'ರಾತ್ರಿವರೆಗೂ ಮೆತ್ತಗಿರುತ್ತದೆ' ಎಂದೂ ಸೇರಿಸು ಎಂದರು. ಸೇರಿಸಿದೆ.

ಆ ಕಡೆ ಏನಾಯಿತು ಎಂಬುದು ನಮಗೆ ಆಮೇಲೆ ತಿಳಿಯಿತು. ಮಾಲಕರು ಕನ್ನಡಕ ಮರೆತು ಬಂದಿದ್ದರು. ಓದು ಎಂದು ಫೋನನ್ನು ಅಡುಗೆಯವನ ಕೈಗೆ ಕೊಟ್ಟರು. ಅವನು ಕುಂದಾಪುರದ ಕಡೆಯವನು, ಅನ್ನ ಸಾರು ಬಿಟ್ಟು ಬೇರೆ ಅಡುಗೆಯನ್ನು ನಂಬದವನು. ದಿನಾ ಸಂಜೆ ಚಪಾತಿ ಹಿಟ್ಟು ಕಲಸಿ ಲಟ್ಟಿಸಿ ಅವನ ಭುಜ ಬಿದ್ದುಹೋಗಿತ್ತು. ನಮ್ಮ ಮೆಸೇಜನ್ನು ಅವನು ದೇವರ ಅಪ್ಪಣೆ ಎಂಬಂತೆ ಓದಿ ಹೇಳಿದನಂತೆ. ಮಾಲಕರು ನೋಡೋಣ ಎಂದು ಫೋನನ್ನು ಕಿಸೆಗೆ ಹಾಕಿಕೊಳ್ಳುವ ಮೊದಲೇ ಅವನು 'ನಾಳೆ ಮಧ್ಯಾಹ್ನ ತನ್ನಿ' ಎಂದು ಉತ್ತರವನ್ನೂ ಕಳಿಸಿಬಿಟ್ಟಿದ್ದನು.

ಮರುದಿನ ಅತ್ತೆ ಬೆಳಿಗ್ಗೆಯೇ ಬಿಸಿನೀರಲ್ಲಿ ಹಿಟ್ಟು ಕಲಸಿ, ಎಣ್ಣೆ ಸವರಿ ಒದ್ದೆ ಬಟ್ಟೆ ಮುಚ್ಚಿಟ್ಟರು. ಲಟ್ಟಿಸುವಾಗ ಒಳಗೆ ಎಣ್ಣೆ ಹಚ್ಚಿ ಮಡಚಿ ಮತ್ತೆ ಲಟ್ಟಿಸಿದರು. ಬೇಯಿಸಿದ್ದನ್ನು ನಾನು ಆತುರದಿಂದ ಡಬ್ಬಿಗೆ ಹಾಕಹೋದರೆ ಕೈಗೆ ಒಂದು ಏಟು ಬಿತ್ತು. ಆವಿ ಹೋಗದೆ ಮುಚ್ಚಿದರೆ ಬೆವರಿ ಅಂಟಿಕೊಳ್ಳುತ್ತದೆ, ಪೂರ್ತಿ ಆರಿದರೆ ಹಪ್ಪಳವಾಗುತ್ತದೆ. ಇವೆರಡರ ನಡುವಿನ ಹೊತ್ತು ಯಾವುದು ಎಂಬುದು ಅವರಿಗೆ ಮಾತ್ರ ಗೊತ್ತಿತ್ತು. ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಇಬ್ಬರೂ ಬಸ್ಸು ಹತ್ತಿ ಕಾಳಿ ನದಿಯ ಸೇತುವೆ ದಾಟಿ ಮೆಸ್ಸಿಗೆ ಹೋದೆವು.

ಮಾಲಕರು ಉತ್ತರವೇ ಕಳಿಸದವರು, ನಮ್ಮನ್ನು ಕಂಡು ಗಾಬರಿಯಾದರು. ಅಡುಗೆಯವನು ಒಳಗಿನಿಂದಲೇ ಕೈಮುಗಿದ. ಮಾಲಕರು ಒಂದು ತಿಂದರು, ಇನ್ನೊಂದು ತಿಂದರು, ಮೂರನೆಯದನ್ನೂ ಪರೀಕ್ಷೆಗೆಂದೇ ತಿಂದರು. ಆಮೇಲೆ ವ್ಯಾಪಾರಿಯ ಮುಖ ಮಾಡಿಕೊಂಡು ಹೇಳಿದರು:

"ಬಿಸಿ ಇದ್ದಾಗ ಎಲ್ಲರ ಚಪಾತಿಯೂ ಚಲೋನೇ ಇರ್ತದೆ ಅಮ್ಮ. ನಮ್ಮ ಹುಡುಗ್ರು ಉಣ್ಣೂದು ರಾತ್ರಿ. ಆವಾಗ ಎಂತ ಆಗ್ತದೆ ನೋಡ್ಬೇಕಲ್ಲ?"

ಉಳಿದ ಚಪಾತಿಗಳನ್ನು ಡಬ್ಬಿಯ ಸಮೇತ ಮೇಜಿನ ಖಾನೆಯಲ್ಲಿಟ್ಟು, ರಾತ್ರಿ ಊಟದ ಹೊತ್ತಿಗೆ ನೋಡಿ ಫೋನು ಮಾಡುತ್ತೇನೆ, ನೀವು ಹೊರಡಿ ಎಂದರು. ಅತ್ತೆ ಹೊರಡಲಿಲ್ಲ. ಕುರ್ಚಿ ಎಳೆದುಕೊಂಡು ಖಾನೆಯ ಎದುರಿಗೇ ಕೂತರು.

"ನೀವು ಒಳ್ಳೆಯವ್ರೇ. ಆದ್ರೆ ಆ ಖಾನೆ ನಂಗೆ ಪರಿಚಯ ಇಲ್ಲ" ಎಂದರು.

ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಆಮೇಲೆ ಹಸಿವಾಗಿ ನಾಚಿಕೆ ಕಡಿಮೆಯಾಯಿತು. ಮಾಲಕರು ಮರ್ಯಾದೆಗೆ ಊಟ ಹಾಕಿಸಿದರು. ಅತ್ತೆ ಉಂಡು, ಸಾಂಬಾರಿಗೆ ಹುಳಿ ಜಾಸ್ತಿ, ಪಲ್ಯ ಬೆಂದಿಲ್ಲ, ಮಜ್ಜಿಗೆಯಲ್ಲಿ ಮಜ್ಜಿಗೆಯೇ ಇಲ್ಲ ಎಂದು ವರದಿ ಒಪ್ಪಿಸಿದರು. ಹಿಂದಿನ ರಾತ್ರಿ ಉಳಿದಿದ್ದ ಮೆಸ್ಸಿನ ಚಪಾತಿಯೊಂದನ್ನು ಅಡುಗೆಯವನೇ ತಂದು ತೋರಿಸಿದ. ಅತ್ತೆ ಅದನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ತಟ್ಟಿ, "ದೋಣಿಗೆ ತೂತು ಬಿದ್ರೆ ಇದನ್ನೇ ತೇಪೆ ಹೊಡೀಬಹುದು" ಎಂದರು. ಅವನಿಗೆ ಬೇಸರವೇ ಆಗಲಿಲ್ಲ. ಹೌದಮ್ಮ, ನಾನೂ ಅದನ್ನೇ ಹೇಳುತ್ತಿದ್ದೇನೆ, ಇವರು ಕೇಳುವುದಿಲ್ಲ ಎಂದ.

ಮಾಲಕರು ಎರಡು ಸಲ ಮಲಗಲು ಹೋಗಿ ಎರಡು ಸಲವೂ ವಾಪಸು ಬಂದರು. ತಮ್ಮದೇ ಮೆಸ್ಸಿನಲ್ಲಿ ತಾವೇ ಕಾವಲಿಗೆ ಒಳಗಾದವರಂತೆ ಓಡಾಡಿದರು. ಹೊತ್ತು ಇಳಿಯುವ ಹೊತ್ತಿಗೆ ಕೊನೆಯ ಬಸ್ಸಿನ ಚಿಂತೆ ನನಗೆ, ನಮ್ಮನ್ನು ಸಾಗಹಾಕುವ ಚಿಂತೆ ಅವರಿಗೆ. ಊಟದ ಗಂಟೆ ಬಾರಿಸುವ ಮುಂಚೆಯೇ ಅವರು ಖಾನೆ ತೆಗೆದರು.

ನನಗೆ ಮನೆಯ ಅಕ್ಕಿ, ಗ್ಯಾಸು, ಎಲ್ಲವೂ ಆ ಡಬ್ಬಿಯಲ್ಲೇ ಇದ್ದಂತೆ ಅನ್ನಿಸುತ್ತಿತ್ತು. ಮಾಲಕರು ಒಂದು ಚಪಾತಿ ಎತ್ತಿ ಒಂದೇ ಕೈಯಲ್ಲಿ ಹರಿದರು. ಹತ್ತಿಯಂತೆ ಬಂತು. ಬಾಗಿಲಲ್ಲಿ ನಿಂತಿದ್ದ ವಿಜಾಪುರ ಕಡೆಯ ಹುಡುಗನೊಬ್ಬನಿಗೂ ಒಂದು ಕೊಟ್ಟರು. ಅವನು ಪಲ್ಯಕ್ಕೂ ಕಾಯದೆ ಸುಮ್ಮನೆ ಸುತ್ತಿ ತಿಂದ, ಕಣ್ಣು ಮುಚ್ಚಿ, "ನಮ್ಮವ್ವನ ಕೈಯಾಗಿಂದು ಇದ್ದಂಗ ಐತ್ರಿ" ಎಂದ.

ಬೇರೆ ಯಾರಾದರೂ ಆಗಿದ್ದರೆ ಕಣ್ಣೊರೆಸಿಕೊಳ್ಳುತ್ತಿದ್ದರು. ಅತ್ತೆ, "ನಿಮ್ಮವ್ವ ಇಷ್ಟು ತೆಳ್ಳಗೆ ಮಾಡ್ತಾಳಾ? ಖರೇ ಹೇಳು" ಎಂದರು. ಹುಡುಗ ಸ್ವಲ್ಪ ಯೋಚಿಸಿ, ಇಲ್ಲ ಎಂದು ಒಪ್ಪಿಕೊಂಡ.

ಮಾತುಕತೆ ಅಲ್ಲೇ ಮುಗಿಯಿತು. ಭಾನುವಾರ ರಾತ್ರಿ ಮೆಸ್ಸು ರಜೆ, ಹಾಗಾಗಿ ನಮಗೂ ರಜೆ. ಹುಡುಗರು ಊರಿಗೆ ಹೋಗುವ ದಿನ ಮಧ್ಯಾಹ್ನದೊಳಗೇ ಎಷ್ಟು ಬೇಕೆಂದು ಮೆಸೇಜು ಬರಬೇಕು. ನಾವು ತಂದದ್ದನ್ನು ಅಲ್ಲೇ ಎಣಿಸಿಕೊಳ್ಳಬೇಕು, ಆಮೇಲೆ ಕಡಿಮೆ ಬಂತು ಎನ್ನುವಂತಿಲ್ಲ. ಡಬ್ಬಿ ತೊಳೆದು ಕೊಡಬೇಕು. ದರದ ವಿಷಯದಲ್ಲಿ ಮಾಲಕರು ಬಹಳ ಎಳೆದಾಡಿದರು. ಅಷ್ಟರಲ್ಲಿ ಅಡುಗೆಯವನು ಒಳಗಿನಿಂದ ಲಟ್ಟಣಿಗೆ ತಂದು ಅವರ ಮುಂದಿಟ್ಟು, ಹಾಗಾದರೆ ನಾಳೆಯಿಂದ ನೀವೇ ಎಂದ. ದರ ಕುದುರಿತು.

ಕೊನೆಯ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ಸೇತುವೆಯ ನಡುವೆ ಬಂದಾಗ ನನ್ನ ಕೈ ಹಿಡಿದು, "ತಂಗಿ, ಅಷ್ಟು ಜನಕ್ಕೆ ಮಾಡಿ ನಂಗೆ ರೂಢಿ ಇಲ್ಲ" ಎಂದರು. ಬೆಳಗಿನಿಂದ ಅವರು ಹೆದರಿದ್ದರು ಎಂಬುದು ನನಗೆ ಆಗಷ್ಟೇ ಗೊತ್ತಾದದ್ದು. ನನಗೂ ಇಲ್ಲ ಎಂದೆ. ಇಬ್ಬರಿಗೂ ನಗು ಬಂತು.

ರೂಢಿಯಾಯಿತು. ಮೊದಲ ವಾರ ನನ್ನ ಚಪಾತಿಗಳು ಉತ್ತರ ಕನ್ನಡ ಜಿಲ್ಲೆಯ ನಕ್ಷೆಯಂತಿದ್ದವು. ಅತ್ತೆ ಅವನ್ನು ಡಬ್ಬಿಯ ಅಡಿಗೆ ಹಾಕಿ ಮೇಲೆ ತಮ್ಮವನ್ನು ಜೋಡಿಸುತ್ತಿದ್ದರು. ಬೂತು ಮುಚ್ಚಿ ನನ್ನ ಗಂಡ ಡಬ್ಬಿ ಸಾಗಿಸುವ ಕೆಲಸಕ್ಕೆ ಬಂದರು, ಊರಲ್ಲಿ ಮಾತ್ರ ಕೇಟರಿಂಗ್ ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದರು. ವರ್ಷ ಕಳೆಯುವುದರೊಳಗೆ ಇನ್ನೊಂದು ಮೆಸ್ಸಿನಿಂದ ತಾನಾಗಿಯೇ ಮೆಸೇಜು ಬಂತು, ಓಣಿಯ ಇಬ್ಬರು ಹೆಂಗಸರು ನಮ್ಮ ಅಡುಗೆಮನೆಗೆ ಸೇರಿದರು. ಸಂಜೆಯ ಡಬ್ಬಿ ಬಸ್ಸು ಹತ್ತಿದ ಮೇಲೆ ನಾಲ್ವರೂ ಕೈಯ ಹಿಟ್ಟು ತೊಳೆದು, ಅನ್ನಕ್ಕೆ ನೀರಿಟ್ಟು, ಬಂಗಡೆ ಮೀನು ಹಸನು ಮಾಡಲು ಕೂರುತ್ತಿದ್ದೆವು. ನಮ್ಮಲ್ಲಿ ಒಬ್ಬರಿಗೂ ಚಪಾತಿಯ ಮುಖ ನೋಡುವುದು ಬೇಡವಾಗಿತ್ತು.